ಎರಡು ದಿನದ ಕಾರ್ಯಕ್ರಮದ ನಂತರ ಸ್ವಯಂಸೇವಕರಿಗೆ ಧನ್ಯವಾದ ಪತ್ರ: ಗಂಟೆಯನ್ನೂ ಕೆಲಸವನ್ನೂ ಸರಿಯಾಗಿ ಬರೆಯುವುದು ಹೇಗೆ

ಕಾರ್ಯಕ್ರಮ ಮುಗಿದ ಮರುದಿನ ಸಂಘಟಕರಿಗೆ ಮೈಯೆಲ್ಲ ನೋವು, ಕಣ್ಣು ತುಂಬ ನಿದ್ದೆ. ಆಗ ಗುಂಪಿಗೆ ಒಂದು ಸಂದೇಶ ಹೋಗುತ್ತದೆ: "ಎಲ್ಲ ಸ್ವಯಂಸೇವಕರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಅವಿರತ ಶ್ರಮದಿಂದ ಕಾರ್ಯಕ್ರಮ ಯಶಸ್ವಿಯಾಯಿತು." ನಾನೂ ಹಲವು ವರ್ಷ ಇದನ್ನೇ ಕಳಿಸಿದ್ದೇನೆ. ತಪ್ಪೇನೂ ಇಲ್ಲ. ಆದರೆ ಎರಡು ದಿನ ಬಿಸಿಲಲ್ಲಿ ನಿಂತು ಗಾಡಿ ನಿಲ್ಲಿಸಲು ಜಾಗ ತೋರಿಸಿದವರಿಗೂ, ಎರಡು ಗಂಟೆ ಬಂದು ಹೋದವರಿಗೂ ಅದೇ ಸಾಲು ತಲುಪುತ್ತದೆ. ತಾನು ಮಾಡಿದ್ದನ್ನು ಯಾರಾದರೂ ನೋಡಿದರಾ ಅನ್ನುವುದು ಮಾತ್ರ ಅದರಿಂದ ಗೊತ್ತಾಗುವುದಿಲ್ಲ.

ಹೆಸರು ಹಿಡಿದು, ಕೆಲಸ ಮಾಡಿದ ಗಂಟೆ ಹೇಳಿ, ಮಾಡಿದ ಒಂದು ಕೆಲಸವನ್ನು ನೆನೆದು ಬರೆದ ಪತ್ರಕ್ಕೆ ಆರೇಳು ಸಾಲು ಸಾಕು. ಬರೆಯುವುದು ಕಷ್ಟವಲ್ಲ, ಮಾಹಿತಿ ಕೈಯಲ್ಲಿರಬೇಕು ಅಷ್ಟೇ. ಆ ಮಾಹಿತಿ ಎರಡನೇ ದಿನದ ಸಂಜೆಗೆ ಸಿಕ್ಕರೆ ಸಿಕ್ಕಿತು, ವಾರ ಕಳೆದರೆ ಸಿಗುವುದಿಲ್ಲ. ಹಾಗಾಗಿ ಈ ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗ ಪತ್ರ ಬರೆಯುವ ಮೊದಲಿನ ಕೆಲಸದ್ದೇ.

ಉದಾಹರಣೆಗೆ ಎರಡು ದಿನದ ಒಂದು ಪುಸ್ತಕ ಮೇಳವನ್ನು ಇಟ್ಟುಕೊಳ್ಳೋಣ. 36 ಜನ ಸ್ವಯಂಸೇವಕರು, ಐದು ತಂಡ, ಪ್ರತಿ ತಂಡಕ್ಕೂ ಒಬ್ಬ ಮುಖ್ಯಸ್ಥರು. ಈ 36 ಜನರಲ್ಲಿ ಪ್ರವೇಶದ ಮೇಜಿನಲ್ಲಿ ಕೂತಿದ್ದ ಒಬ್ಬ ಹುಡುಗಿಯನ್ನು ಕೊನೆಯವರೆಗೂ ಹಿಂಬಾಲಿಸೋಣ.

ಮೊದಲ ಹೆಜ್ಜೆ: ಹಾಜರಿ ಹಾಳೆ

ಗಂಟೆ ಲೆಕ್ಕ ಎಲ್ಲಿಂದ ಬರಬೇಕು? ಡ್ಯೂಟಿ ಪಟ್ಟಿಯಿಂದ ಅಂತೂ ಅಲ್ಲ. ಡ್ಯೂಟಿ ಪಟ್ಟಿ ಅಂದರೆ ನಾವು ಅಂದುಕೊಂಡದ್ದು, ಹಾಜರಿ ಹಾಳೆ ಅಂದರೆ ನಿಜವಾಗಿ ನಡೆದದ್ದು. ಇವೆರಡೂ ಒಂದೇ ಆಗಿರುವುದು ಬಹಳ ಕಡಿಮೆ.

ಇದನ್ನು ನಾನು ಕೆಟ್ಟ ಅನುಭವದಿಂದ ಕಲಿತೆ. ಒಮ್ಮೆ ಹಾಜರಿ ಹಾಳೆ ಅರ್ಧಂಬರ್ಧ ತುಂಬಿತ್ತು ಅಂತ ಡ್ಯೂಟಿ ಪಟ್ಟಿಯ ಸಮಯವನ್ನೇ ಪತ್ರಗಳಿಗೆ ಇಳಿಸಿಬಿಟ್ಟೆ. ಒಬ್ಬರಿಗೆ "ನೀವು ಕೊಟ್ಟ 6 ಗಂಟೆಗೆ ಧನ್ಯವಾದ" ಅಂತ ಹೋಯಿತು. ಅವರಿಂದ ಒಂದೇ ಸಾಲಿನ ಉತ್ತರ ಬಂತು: "ನಾನು ಹೊರಟಾಗ ರಾತ್ರಿ ಒಂಬತ್ತೂವರೆ ಆಗಿತ್ತು." ಮಧ್ಯಾಹ್ನ ಡ್ಯೂಟಿ ಮುಗಿದ ಮೇಲೂ ಅವರು ನಿಂತು ಪೆಟ್ಟಿಗೆಗಳನ್ನೆಲ್ಲ ಲಾರಿಗೆ ಏರಿಸಿದ್ದರು. ಗಂಟೆಯನ್ನೇ ಬರೆಯದಿದ್ದರೆ ಅವರಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ತಪ್ಪು ಗಂಟೆ ಬರೆದಾಗ "ನೀವು ಇದ್ದದ್ದು ನಮ್ಮ ಕಣ್ಣಿಗೇ ಬೀಳಲಿಲ್ಲ" ಅಂತ ಬರೆದುಕೊಟ್ಟ ಹಾಗಾಗುತ್ತದೆ.

ಹಾಳೆಯಲ್ಲಿ ಪ್ರತಿ ಶಿಫ್ಟಿಗೂ ಒಂದು ಸಾಲು ಇರಲಿ: ಒಬ್ಬೊಬ್ಬ ಸ್ವಯಂಸೇವಕರಿಗೂ ಕೊಟ್ಟ ಸಂಖ್ಯೆ, ಹೆಸರು, ಕೆಲಸ, ಬಂದ ಸಮಯ, ಹೋದ ಸಮಯ, ವಿರಾಮ ಎಷ್ಟು ನಿಮಿಷ. ಬರುವಾಗ ಎಲ್ಲರೂ ಸಹಿ ಮಾಡುತ್ತಾರೆ, ಹೋಗುವಾಗ ಮರೆಯುತ್ತಾರೆ. ಇದು ಎಲ್ಲ ಕಡೆಯ ಕಥೆ. ಹಾಳೆಯನ್ನು ಮುಖ್ಯ ಬಾಗಿಲಲ್ಲಿ ಇಡುವ ಬದಲು, ವಾಪಸ್ ಕೊಡಲೇಬೇಕಾದ ವಸ್ತುವಿನ ಜೊತೆ ಇಡಿ. ಬ್ಯಾಡ್ಜೋ ಜಾಕೆಟ್ಟೋ ಹಿಂದಿರುಗಿಸುವ ಮೇಜಿನ ಮೇಲೆ ಹಾಳೆ ಇದ್ದರೆ ಹೋಗುವ ಸಮಯವೂ ತಾನಾಗಿ ದಾಖಲಾಗುತ್ತದೆ.

ಕಾರ್ಯಕ್ರಮದ ಹಿಂದಿನ ದಿನದ ಸಿದ್ಧತೆ ಮತ್ತು ಮುಗಿದ ಮೇಲಿನ ತೆರವು ಕೆಲಸಕ್ಕೂ ಇದೇ ಹಾಳೆ ಬೇಕು. "ಎರಡು ದಿನದ ಕಾರ್ಯಕ್ರಮ" ಅಂತ ಹೆಸರಿದ್ದರೂ ಕೆಲಸ ಎರಡೇ ದಿನದಲ್ಲಿ ಮುಗಿಯುವುದಿಲ್ಲ, ಅಲ್ವಾ? ಮನೆಯಲ್ಲೇ ಕೂತು ಪೋಸ್ಟರ್ ಮಾಡಿದವರು, ಫೋನ್ ಮಾಡಿ ಅತಿಥಿಗಳನ್ನು ಖಚಿತಪಡಿಸಿಕೊಂಡವರು ಹಾಳೆಯಲ್ಲಿ ಕಾಣಿಸುವುದೇ ಇಲ್ಲ. ಅವರನ್ನು ಕೇಳಿ ಬರೆದುಕೊಳ್ಳಬೇಕು. ಎಷ್ಟು ಹೊತ್ತಾಯಿತು ಅಂತ ಕೇಳಿದರೆ "ಅಯ್ಯೋ, ಅದೇನ್ ದೊಡ್ಡ ಕೆಲಸ" ಅನ್ನುತ್ತಾರೆ. "ಎಷ್ಟು ಸಂಜೆ ಕೂತಿದ್ರಿ, ಒಂದೊಂದು ಸಂಜೆ ಸುಮಾರು ಎಷ್ಟು ಹೊತ್ತು" ಅಂತ ಬಿಡಿಸಿ ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಖಾಲಿ ಬಿಟ್ಟ ಜಾಗಗಳು

ಎರಡನೇ ದಿನ ರಾತ್ರಿ ಹಾಳೆಗಳನ್ನು ಕೈಗೆತ್ತಿಕೊಂಡರೆ ಹೋದ ಸಮಯದ ಕಾಲಮ್ಮಿನಲ್ಲಿ ಒಂದಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ಡ್ಯೂಟಿ ಪಟ್ಟಿಯ ಸಮಯ ತುಂಬಬೇಡಿ. ಮೊದಲು ತಂಡದ ಮುಖ್ಯಸ್ಥರನ್ನು ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ಅದೇ ಜಾಗಕ್ಕೆ ಮುಂದಿನ ಶಿಫ್ಟಿಗೆ ಬಂದವರು ಎಷ್ಟಕ್ಕೆ ಸಹಿ ಮಾಡಿದ್ದಾರೆ ನೋಡಿ. ಫೋಟೊಗಳಲ್ಲಿ ಸಮಯ ದಾಖಲಾಗಿರುತ್ತದೆ, ಗುಂಪಿನ ಸಂದೇಶಗಳಲ್ಲೂ ಇರುತ್ತದೆ. ಆಮೇಲೂ ಅನುಮಾನ ಇದ್ದರೆ ನೇರವಾಗಿ ಅವರನ್ನೇ ಕೇಳಿ: "ಮೊದಲ ದಿನ ನೀವು ಹೊರಟದ್ದು ಎರಡೂವರೆಗೆ ಅಂತ ನಮ್ಮ ಅಂದಾಜು. ಸರಿನಾ?" ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಲೆಕ್ಕ ಇಡುತ್ತಿದ್ದಾರೆ ಅಂತ ಖುಷಿಯೇ ಪಡುತ್ತಾರೆ.

ನಮ್ಮ ಹುಡುಗಿಯ ವಿಷಯದಲ್ಲೂ ಹೀಗೇ ಆಯಿತು ಅಂದುಕೊಳ್ಳಿ. ಮೊದಲ ದಿನ ಅವಳ ಡ್ಯೂಟಿ ಬೆಳಗ್ಗೆ 8ರಿಂದ ಮಧ್ಯಾಹ್ನ 2. ಬಂದದ್ದು 7:40ಕ್ಕೆ, ಸಹಿ ಇದೆ. ಹೋದ ಸಮಯ ಖಾಲಿ. ಅವಳ ಜಾಗಕ್ಕೆ ಬಂದವರು 2:20ಕ್ಕೆ ಸಹಿ ಮಾಡಿದ್ದಾರೆ. ಅಂದರೆ ಅದಕ್ಕಿಂತ ಮೊದಲು ಅವಳು ಎದ್ದು ಹೋಗಿರಲಿಕ್ಕಿಲ್ಲ. ಕೇಳಿದಾಗ "ಅವರಿಗೆ ಕೆಲಸ ಹೇಳಿಕೊಟ್ಟು ಎರಡೂವರೆಗೆ ಹೊರಟೆ" ಅಂದಳು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಗಂಟೆ ಕೂಡಿಸುವುದು

ಕೂಡಿಸುವ ಮೊದಲು ಎರಡು ನಿಯಮ ಮಾಡಿಕೊಳ್ಳಿ, ಎಲ್ಲರಿಗೂ ಒಂದೇ ರೀತಿ ಅನ್ವಯಿಸಿ. ವಿರಾಮ ಕಳೆಯಬೇಕಾ ಬೇಡವಾ ಅನ್ನುವುದು ಮೊದಲನೆಯದು. ಹತ್ತು ನಿಮಿಷದ ಚಹಾ ವಿರಾಮವನ್ನು ನಾನು ಕಳೆಯುವುದಿಲ್ಲ. ಕೆಲಸದ ಜಾಗ ಬಿಟ್ಟು ಹೋಗಿ ಊಟ ಮಾಡಿದ ಸಮಯವನ್ನು ಕಳೆಯುತ್ತೇನೆ. ಮೇಜಿನಲ್ಲೇ ಕೂತು, ಬಂದವರಿಗೆ ಉತ್ತರ ಕೊಡುತ್ತ ಊಟ ಮಾಡಿದವರದ್ದನ್ನು ಕಳೆಯುವುದಿಲ್ಲ. ಎರಡನೆಯದು ದುಂಡಾಗಿಸುವುದು. ಕಾಲು ಗಂಟೆಗೆ ದುಂಡಾಗಿಸಿದರೆ ಸಾಕು. ಪ್ರತಿ ಶಿಫ್ಟನ್ನೂ ಬೇರೆಬೇರೆಯಾಗಿ ದುಂಡಾಗಿಸಬೇಡಿ, ಒಟ್ಟು ಮೊತ್ತವನ್ನು ಮಾತ್ರ ಕೊನೆಯಲ್ಲಿ ಒಮ್ಮೆ ದುಂಡಾಗಿಸಿ. ಇಲ್ಲದಿದ್ದರೆ ಸಣ್ಣ ಶಿಫ್ಟುಗಳನ್ನು ಜಾಸ್ತಿ ಮಾಡಿದವರ ಲೆಕ್ಕ ಒಂದು ಕಡೆಗೆ ವಾಲುತ್ತದೆ.

36 ಜನರ ಲೆಕ್ಕವನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಮಾಡಿದರೆ ಸಲೀಸು. A ಕಾಲಮ್ಮಿನಲ್ಲಿ ಸ್ವಯಂಸೇವಕರ ಸಂಖ್ಯೆ, D ಬಂದ ಸಮಯ, E ಹೋದ ಸಮಯ, F ವಿರಾಮದ ನಿಮಿಷ ಅಂತಿಟ್ಟುಕೊಂಡರೆ G ಕಾಲಮ್ಮಿನಲ್ಲಿ ಇದನ್ನು ಹಾಕಿ:

```
=MOD(E2-D2,1)*24-F2/60
```

ಆ ಕಾಲಮ್ಮಿನ ಫಾರ್ಮ್ಯಾಟ್ ಸಮಯದ್ದಾಗಿರಬಾರದು, ಸಂಖ್ಯೆಯದ್ದಾಗಿರಬೇಕು. ಇಲ್ಲದಿದ್ದರೆ ಉತ್ತರ ಅರ್ಥವಾಗದ ಯಾವುದೋ ಗಡಿಯಾರದ ಸಮಯವಾಗಿ ಕಾಣುತ್ತದೆ. `MOD` ಇರುವುದು ರಾತ್ರಿ ಶಿಫ್ಟಿಗೆ. ರಾತ್ರಿ 10ಕ್ಕೆ ಬಂದು ಬೆಳಗಿನ ಜಾವ 2:30ಕ್ಕೆ ಹೋದ ಕಾವಲಿನವರ ಲೆಕ್ಕ ಅದರಿಂದ ಸರಿಯಾಗಿ ನಾಲ್ಕೂವರೆ ಗಂಟೆ ಬರುತ್ತದೆ.

ಆದರೆ ಇದೇ `MOD` ಒಂದು ತಪ್ಪನ್ನು ಮುಚ್ಚಿಡುತ್ತದೆ. ನಮ್ಮ ಹುಡುಗಿ ಮಧ್ಯಾಹ್ನ 2:30ಕ್ಕೆ ಹೋದಳು. ನೀವು 14:30 ಅಂತ ಬರೆಯುವ ಬದಲು ಬರೀ 2:30 ಅಂತ ಟೈಪ್ ಮಾಡಿದರೆ, ಶೀಟ್ ಅದನ್ನು ಬೆಳಗಿನ ಜಾವದ ಎರಡೂವರೆ ಅಂದುಕೊಳ್ಳುತ್ತದೆ. ಅರ್ಧ ಗಂಟೆ ಊಟದ ವಿರಾಮ ಕಳೆದು 6 ಗಂಟೆ 20 ನಿಮಿಷ ಬರಬೇಕಾದಲ್ಲಿ 18 ಗಂಟೆ 20 ನಿಮಿಷ ಬಂದು ಕೂರುತ್ತದೆ. ಯಾವ ಕೆಂಪು ಗುರುತೂ ಕಾಣಿಸುವುದಿಲ್ಲ. ಹಾಗಾಗಿ ಕೂಡಿಸುವ ಮೊದಲು G ಕಾಲಮ್ಮಿನಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆ ಇರುವ ಪ್ರತಿ ಸಾಲನ್ನೂ ಹಾಳೆಯ ಜೊತೆ ಮತ್ತೆ ತಾಳೆ ನೋಡಿ. ಇನ್ನೂ ಒಂದು ಎಚ್ಚರ: ಶೀಟಿನಲ್ಲಿ 6.33 ಅಂತ ಕಂಡರೆ ಅದು ಆರು ಗಂಟೆ ಮೂವತ್ತಮೂರು ನಿಮಿಷ ಅಲ್ಲ. ಗಂಟೆಯ 0.33 ಭಾಗ ಅಂದರೆ 20 ನಿಮಿಷ. ಅವಸರದಲ್ಲಿ ಇದನ್ನು ಹಾಗೇ ಪತ್ರಕ್ಕೆ ಇಳಿಸಿದವರನ್ನು ನೋಡಿದ್ದೇನೆ.

ಆಮೇಲೆ ಒಬ್ಬೊಬ್ಬರ ಮೊತ್ತ. J ಕಾಲಮ್ಮಿನಲ್ಲಿ ಎಲ್ಲರ ಸಂಖ್ಯೆಯನ್ನು ಒಂದೊಂದೇ ಸಲ ಬರೆದು, ಪಕ್ಕದಲ್ಲಿ ಮೊದಲ ಸೂತ್ರ ಹಾಕಿ. ದುಂಡಾಗಿಸಲು ಅದರ ಪಕ್ಕದಲ್ಲಿ ಎರಡನೆಯದು:

```
=SUMIF(A:A,J2,G:G)
=MROUND(K2,0.25)
```

ಹೆಸರಿನ ಬದಲು ಸಂಖ್ಯೆ ಬಳಸಿ ಅಂತ ಹೇಳಿದ್ದಕ್ಕೆ ಕಾರಣ ಇದೆ. ಒಬ್ಬರೇ ಮೊದಲ ದಿನ ಇನಿಷಿಯಲ್ ಹಾಕಿ ಬರೆದಿರುತ್ತಾರೆ, ಎರಡನೇ ದಿನ ಹಾಕದೆ ಬರೆದಿರುತ್ತಾರೆ. ಶೀಟಿಗೆ ಅವರು ಇಬ್ಬರು. ಅವರ ಗಂಟೆಗಳು ಎರಡು ಕಡೆ ಹಂಚಿಹೋಗಿ, ಪತ್ರದಲ್ಲಿ ಅರ್ಧ ಲೆಕ್ಕ ಮಾತ್ರ ಬರುತ್ತದೆ.

ನಮ್ಮ ಹುಡುಗಿಯ ಲೆಕ್ಕ ಹೀಗೆ ಬಂತು. ಹಿಂದಿನ ಸಂಜೆ ಮೇಜು ಜೋಡಿಸಲು 4:30ರಿಂದ 7:30, ಅಂದರೆ 3 ಗಂಟೆ. ಮೊದಲ ದಿನ 6 ಗಂಟೆ 20 ನಿಮಿಷ. ಎರಡನೇ ದಿನ ಬೆಳಗ್ಗೆ 7:30ರಿಂದ ಸಂಜೆ 6:15, ಊಟದ ಮುಕ್ಕಾಲು ಗಂಟೆ ಕಳೆದು 10 ಗಂಟೆ. ಒಟ್ಟು 19 ಗಂಟೆ 20 ನಿಮಿಷ. ಕಾಲು ಗಂಟೆಗೆ ದುಂಡಾಗಿಸಿದರೆ ಹತ್ತೊಂಬತ್ತೂ ಕಾಲು. ಡ್ಯೂಟಿ ಪಟ್ಟಿಯ ಪ್ರಕಾರ ಅವಳದ್ದು ದಿನಕ್ಕೆ ಆರಾರು ಗಂಟೆಯ ಹಾಗೆ ಬರೀ 12 ಗಂಟೆ! ಪಟ್ಟಿಯನ್ನೇ ನಂಬಿದ್ದರೆ ಏಳು ಗಂಟೆಗೂ ಮಿಕ್ಕ ಕೆಲಸ ಮಾಯವಾಗುತ್ತಿತ್ತು.

ಒಬ್ಬೊಬ್ಬರ ಬಗ್ಗೆ ಒಂದೊಂದು ನಿಜವಾದ ಮಾತು

ಗಂಟೆ ಹಾಳೆಯಲ್ಲಿ ಸಿಗುತ್ತದೆ. ಕೆಲಸದ ವಿವರ ಜನರ ತಲೆಯಲ್ಲಿರುತ್ತದೆ, ಬೇಗ ಮಾಸಿಹೋಗುತ್ತದೆ. ಎರಡನೇ ದಿನ ಸಂಜೆ ತಂಡದ ಮುಖ್ಯಸ್ಥರು ಮನೆಗೆ ಹೋಗುವ ಮೊದಲು ಅವರನ್ನು ಹಿಡಿದುಕೊಳ್ಳಿ. ಆಗಲಿಲ್ಲವಾ, ಮರುದಿನ ಮಧ್ಯಾಹ್ನದೊಳಗೆ ಧ್ವನಿ ಸಂದೇಶ ಕಳಿಸಲು ಹೇಳಿ. ಒಬ್ಬೊಬ್ಬ ಮುಖ್ಯಸ್ಥರ ತಂಡದಲ್ಲಿ ಏಳೆಂಟು ಜನ ಇರುತ್ತಾರೆ, ಹತ್ತು ನಿಮಿಷದ ಮಾತು ಸಾಕು. ಬರೆದು ಕಳಿಸಿ ಅಂದರೆ ನಾಳೆ ನಾಡಿದ್ದು ಅನ್ನುತ್ತಾರೆ. ಮಾತಾಡಿ ಅಂದರೆ ಆಗಲೇ ಮಾತಾಡಿಬಿಡುತ್ತಾರೆ.

ಕೇಳುವ ಪ್ರಶ್ನೆ ಸರಿಯಿರಬೇಕು. "ಅವರು ಹೇಗೆ ಕೆಲಸ ಮಾಡಿದರು?" ಅಂದರೆ "ತುಂಬಾ ಚೆನ್ನಾಗಿ ಮಾಡಿದ್ರು" ಅಂತಷ್ಟೇ ಉತ್ತರ. ಅದರಿಂದ ಏನೂ ಬರೆಯಲಾಗುವುದಿಲ್ಲ. ನಾನು ಕೇಳುವ ಪ್ರಶ್ನೆ ಇದು: "ಅವರು ಅಲ್ಲಿ ಇಲ್ಲದೇ ಹೋಗಿದ್ದರೆ ಯಾವ ಕೆಲಸ ನಿಂತುಹೋಗುತ್ತಿತ್ತು?" ಈ ಪ್ರಶ್ನೆಗೆ ಒಂದು ಸಮಯ, ಒಂದು ಜಾಗ, ಒಂದು ಘಟನೆ ಹೊರಗೆ ಬರುತ್ತದೆ.

ಪ್ರವೇಶ ತಂಡದ ಮುಖ್ಯಸ್ಥರನ್ನು ಹೀಗೆ ಕೇಳಿದಾಗ ಅವರು ಸ್ವಲ್ಪ ಯೋಚಿಸಿ ಹೇಳಿದರು: "ಎರಡನೇ ದಿನ ಒಂಬತ್ತೂಕಾಲಿಗೆ ಪ್ರಿಂಟರ್ ನಿಂತುಹೋಯಿತಲ್ಲ, ಬ್ಯಾಡ್ಜ್ ಬರ್ತಿರಲಿಲ್ಲ. ಸಾಲು ಬಾಗಿಲಾಚೆ ಹೋಗಿತ್ತು. ಅವಳು ಯಾರನ್ನೂ ಕೇಳ್ಲಿಲ್ಲ. ಮಾರ್ಕರ್ ತಗೊಂಡು ಕೈಯಲ್ಲೇ ಹೆಸರು ಬರೆದು ಕೊಡೋಕೆ ಶುರು ಮಾಡಿದ್ಳು. ಸಾಲನ್ನು ಎರಡು ಮಾಡಿ, ಪಕ್ಕದವನಿಗೆ ಒಂದು ಕೊಟ್ಲು. ಹತ್ತು ಗಂಟೆಯ ಮೊದಲ ಗೋಷ್ಠಿ ಶುರುವಾಗೋ ಹೊತ್ತಿಗೆ ಹೊರಗೆ ಯಾರೂ ಇರಲಿಲ್ಲ." ಪತ್ರಕ್ಕೆ ಬೇಕಾದದ್ದೆಲ್ಲ ಇದರಲ್ಲೇ ಇದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. "ಪಕ್ಕದವನು" ಯಾರು? ಅವನ ಹೆಸರೂ ಕೇಳಿಟ್ಟುಕೊಳ್ಳಿ. ಸಾಲು ಎರಡಾದಾಗ ಅರ್ಧ ಬ್ಯಾಡ್ಜ್ ಬರೆದವನು ಅವನೇ. ಅವನ ಪತ್ರದಲ್ಲಿ ಆ ಮಾತಿಲ್ಲದೆ, ಅವಳ ಪತ್ರದಲ್ಲಿ ಮಾತ್ರ ಇದ್ದು, ಇಬ್ಬರೂ ಒಬ್ಬರದ್ದೊಬ್ಬರು ಓದಿಕೊಂಡರೆ? ಓದೇ ಓದುತ್ತಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆದರಂತೂ ಅದನ್ನು ಸರಿಮಾಡುವುದು ಕಷ್ಟ. ಹಾಗಾಗಿ ನಾನು ಎಲ್ಲ ವಿವರಗಳನ್ನೂ ಒಂದು ಕಾಲಮ್ಮಿನಲ್ಲಿ ಒಂದೊಂದು ಸಾಲು ಬರೆದು, ಮುಖ್ಯಸ್ಥರಿಗೆ ಒಮ್ಮೆ ತೋರಿಸುತ್ತೇನೆ. "ಪೆಟ್ಟಿಗೆ ಎಣಿಸಿದ್ದು ಅವರಲ್ಲ, ಅವರ ಅಣ್ಣ" ಅನ್ನುವಂಥ ತಿದ್ದುಪಡಿ ಪ್ರತಿ ಸಲವೂ ಒಂದೆರಡು ಬರುತ್ತದೆ.

ಕೆಲವರ ಬಗ್ಗೆ ಮುಖ್ಯಸ್ಥರಿಗೆ ಏನೂ ನೆನಪಾಗುವುದಿಲ್ಲ. ಗಲಾಟೆ ಇಲ್ಲದೆ ಕೆಲಸ ಮಾಡುವವರಿಗೇ ಹೀಗಾಗುವುದು. ಅವರ ಜೊತೆ ಅದೇ ಶಿಫ್ಟಿನಲ್ಲಿದ್ದವರನ್ನು ಕೇಳಿ. ಫೋಟೊಗಳ ಮೂಲೆಗಳಲ್ಲಿ ಹುಡುಕಿ. ಏನೂ ಸಿಗದಿದ್ದರೆ ಕಥೆ ಕಟ್ಟಬೇಡಿ. ಇದ್ದದ್ದನ್ನು ಇದ್ದ ಹಾಗೆ, ಆದರೆ ನಿಖರವಾಗಿ ಬರೆಯಿರಿ: "ಎರಡೂ ದಿನ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಹಿಂದಿನ ಬಾಗಿಲನ್ನು ನೀವು ನೋಡಿಕೊಂಡಿರಿ. ಅಲ್ಲಿಂದ ಒಂದೂ ದೂರು ಬರಲಿಲ್ಲ." ಇದು ನಿಜ, ಇದು ಅವರದ್ದೇ. ಸುಮ್ನೆ "ನಿಮ್ಮ ಉತ್ಸಾಹ ಎಲ್ಲರಿಗೂ ಸ್ಫೂರ್ತಿ" ಅಂತ ಬರೆದರೆ, ಹಿಂದಿನ ಬಾಗಿಲಲ್ಲಿ ಒಬ್ಬರೇ ಕೂತಿದ್ದವರಿಗೆ ಅದು ತಮ್ಮ ಬಗ್ಗೆ ಅಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಪತ್ರ ಬರೆಯುವುದು

ಮೊದಲು ಬೇಡದ್ದನ್ನು ನೋಡೋಣ. ಇಂಥ ಪತ್ರವನ್ನು ನೀವೂ ಪಡೆದಿರುತ್ತೀರಿ:

> ಆತ್ಮೀಯರೇ, ತಮ್ಮ ಅಮೂಲ್ಯವಾದ ಸಮಯವನ್ನು ಮೀಸಲಿಟ್ಟು, ನಿಸ್ವಾರ್ಥ ಸೇವೆ ಸಲ್ಲಿಸಿ, ಕಾರ್ಯಕ್ರಮದ ಯಶಸ್ಸಿಗೆ ಕಾರಣೀಭೂತರಾದ ತಮಗೆ ಅನಂತ ಧನ್ಯವಾದಗಳು. ಮುಂದಿನ ಕಾರ್ಯಕ್ರಮಕ್ಕೂ ತಮ್ಮ ಸಹಕಾರ ಹೀಗೇ ಇರಲಿ. ಕೆಳಗಿನ ಲಿಂಕಿನಲ್ಲಿ ತಮ್ಮ ಅಭಿಪ್ರಾಯ ತಿಳಿಸಿ.

ಇದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಹಾಗಾಗಿ ಯಾರಿಗೂ ತಾಗುವುದಿಲ್ಲ. ಸಮಯವನ್ನು "ಅಮೂಲ್ಯ" ಅಂದಿದ್ದಾರೆ, ಎಷ್ಟು ಸಮಯ ಅಂತ ಹೇಳಿಲ್ಲ. ಕೊನೆಯ ಎರಡು ಸಾಲು ಇನ್ನೂ ದೊಡ್ಡ ತೊಂದರೆ. ಥ್ಯಾಂಕ್ಸ್ ಹೇಳುತ್ತಲೇ ಮತ್ತೆ ಎರಡು ಕೆಲಸ ಹೇಳಿದರೆ, ಓದುವವರಿಗೆ ಮೊದಲ ಸಾಲುಗಳು ಬರೀ ಪೀಠಿಕೆಯಾಗಿ ಕಾಣುತ್ತವೆ. ಅಭಿಪ್ರಾಯ ಕೇಳುವುದು ಬೇಕಾದರೆ ಒಂದು ವಾರ ಬಿಟ್ಟು ಬೇರೆಯಾಗಿ ಕೇಳಿ.

ಈಗ ನಮ್ಮ ಹುಡುಗಿಗೆ ಬರೆದದ್ದು. ಮೊದಲಿಗೆ ಅವಳ ಹೆಸರು ಇರುತ್ತದೆ, ಆಮೇಲೆ ಹೀಗೆ:

> ನಮಸ್ಕಾರ.
>
> ಮೇಳದ ಹಿಂದಿನ ಸಂಜೆ ಮೇಜು ಜೋಡಿಸಲು ಬಂದಾಗಿನಿಂದ ಎರಡನೇ ದಿನ ಸಂಜೆ ಬ್ಯಾಡ್ಜ್ ಪೆಟ್ಟಿಗೆ ಮುಚ್ಚಿಡುವವರೆಗೆ ನೀವು ನಮ್ಮ ಜೊತೆ ಹತ್ತೊಂಬತ್ತೂ ಕಾಲು ಗಂಟೆ ಕೆಲಸ ಮಾಡಿದ್ದೀರಿ. ನಾವು ಕೇಳಿದ್ದು ಹನ್ನೆರಡು ಗಂಟೆ ಮಾತ್ರ.
>
> ಎರಡನೇ ದಿನ ಬೆಳಗ್ಗೆ ಪ್ರಿಂಟರ್ ನಿಂತಾಗ ಸಾಲು ಬಾಗಿಲಾಚೆ ಹೋಗಿತ್ತು. ನೀವು ಮಾರ್ಕರ್ ತೆಗೆದುಕೊಂಡು ಕೈಯಲ್ಲೇ ಹೆಸರು ಬರೆದು ಕೊಡಲು ಶುರು ಮಾಡಿದಿರಿ, ಸಾಲನ್ನು ಎರಡು ಮಾಡಿದಿರಿ. ಹತ್ತು ಗಂಟೆಯ ಗೋಷ್ಠಿ ಶುರುವಾದಾಗ ಹೊರಗೆ ಯಾರೂ ಕಾಯುತ್ತಿರಲಿಲ್ಲ. ಇದನ್ನು ನಿಮ್ಮ ತಂಡದ ಮುಖ್ಯಸ್ಥರು ನಮಗೆ ಹೇಳಿದರು.
>
> ಮುಂದಿನ ಸಲ ಮೇಜಿನ ಮೇಲೆ ಖಾಲಿ ಬ್ಯಾಡ್ಜ್ ಮತ್ತು ಮಾರ್ಕರ್ ಮೊದಲೇ ಇಡಬೇಕು ಅಂತ ನಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದೇವೆ. ಅದು ನಿಮ್ಮಿಂದ ಕಲಿತದ್ದು.
>
> ಥ್ಯಾಂಕ್ಸ್.

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಗಮನಿಸಿ. ಗಂಟೆಯನ್ನು ಬಿಡಿ ಸಂಖ್ಯೆಯಾಗಿ ಇಟ್ಟಿಲ್ಲ, ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳಿದೆ. "ನೀವು 19.25 ಗಂಟೆ ಸೇವೆ ಸಲ್ಲಿಸಿದ್ದೀರಿ" ಅಂದರೆ ಸಂಬಳದ ಚೀಟಿಯ ಹಾಗೆ ಕೇಳುತ್ತದೆ. ಹೊತ್ತನ್ನು ಕೆಲಸದ ಜೊತೆ ಕಟ್ಟಿದಾಗ ಅದು ಅವರ ಎರಡು ದಿನದ ನೆನಪಾಗುತ್ತದೆ. ಯಾರು ಹೇಳಿದರು ಅನ್ನುವ ಸಾಲನ್ನು ನಾನು ಬಿಡುವುದೇ ಇಲ್ಲ. ತನ್ನ ಕೆಲಸವನ್ನು ಪಕ್ಕದಲ್ಲಿದ್ದವರು ನೋಡಿ ಇನ್ನೊಬ್ಬರಿಗೆ ಹೇಳಿದ್ದಾರೆ ಅನ್ನುವುದಕ್ಕೆ ಬೇರೆಯೇ ಬೆಲೆ ಇದೆ. ಅವಳ ಕೆಲಸದಿಂದ ಏನು ಬದಲಾಯಿತು ಅನ್ನುವ ಸಾಲು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೆ ಖಂಡಿತ ಹಾಕಿ.

ಭಾಷೆಯ ಬಗ್ಗೆ ಒಂದು ಮಾತು. ಎರಡು ದಿನ "ನೀನು" ಅಂತ ಮಾತಾಡಿದ ಹುಡುಗರಿಗೂ ಪತ್ರದಲ್ಲಿ "ನೀವು" ಅಂತಲೇ ಬರೆಯಿರಿ. ಆ ಪತ್ರವನ್ನು ಅವರು ಮನೆಯಲ್ಲಿ ಅಪ್ಪ ಅಮ್ಮನಿಗೆ ತೋರಿಸುತ್ತಾರೆ. ಆದರೆ "ತಾವು", "ತಮ್ಮ" ತನಕ ಹೋಗಬೇಡಿ, ಅದು ಆಮಂತ್ರಣ ಪತ್ರಿಕೆಯ ಭಾಷೆ.

ಒಬ್ಬರಿಗೆ ಬರೆಯಲು ಏಳೆಂಟು ನಿಮಿಷ ಹಿಡಿಯುತ್ತದೆ. 36 ಜನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ. ಒಬ್ಬರೇ ಕೂತರೆ ಇಪ್ಪತ್ತನೆಯ ಪತ್ರದ ಹೊತ್ತಿಗೆ ವಾಕ್ಯಗಳೆಲ್ಲ ಒಂದೇ ಥರ ಆಗುತ್ತವೆ. ದಿನಕ್ಕೆ ಹನ್ನೆರಡು ಬರೆದು ಮೂರು ದಿನದಲ್ಲಿ ಮುಗಿಸಿ, ಅಥವಾ ಇಬ್ಬರು ಮೂವರು ಹಂಚಿಕೊಳ್ಳಿ. ಜನ ಜಾಸ್ತಿ ಇದ್ದು ಮಾದರಿ ಪತ್ರ ಬಳಸಲೇಬೇಕಾದರೆ ಆರಂಭ ಮತ್ತು ಕೊನೆ ಒಂದೇ ಇರಲಿ, ಗಂಟೆಯ ಸಾಲು ಮತ್ತು ಘಟನೆಯ ಸಾಲುಗಳನ್ನು ಮಾತ್ರ ಒಬ್ಬೊಬ್ಬರಿಗೂ ಹೊಸದಾಗಿ ಬರೆಯಿರಿ.

ಕಡಿಮೆ ಗಂಟೆಯವರು, ಮಧ್ಯೆ ಹೋದವರು

ಮೂರು ಗಂಟೆ ಮಾತ್ರ ಬಂದವರಿಗೆ ಗಂಟೆ ಬರೆಯಬೇಕಾ? ಬರೆಯಬೇಕು, ಆದರೆ "ಮಾತ್ರ", "ಕೇವಲ", "ಆದರೂ" ಅನ್ನುವ ಪದಗಳು ಹತ್ತಿರವೂ ಸುಳಿಯಬಾರದು. "ಮೊದಲ ದಿನ ಹನ್ನೊಂದರಿಂದ ಎರಡರವರೆಗೆ, ಜನ ಅತಿ ಜಾಸ್ತಿ ಇದ್ದ ಮೂರು ಗಂಟೆ ನೀವು ಮಕ್ಕಳ ಮಳಿಗೆಯಲ್ಲಿದ್ದಿರಿ" ಅಂದರೆ ಆ ಮೂರು ಗಂಟೆಗೆ ತೂಕ ಬರುತ್ತದೆ. ಅದು ನಿಜವಾಗಿ ಜನ ಜಾಸ್ತಿ ಇದ್ದ ಹೊತ್ತಾಗಿರಬೇಕು ಅಷ್ಟೇ.

ಹುಷಾರಿಲ್ಲದೆಯೋ ಮನೆಯ ತೊಂದರೆಯಿಂದಲೋ ಮೊದಲ ದಿನವೇ ಹೋದವರಿಗೂ ಪತ್ರ ಹೋಗಲಿ. ಹೋದದ್ದನ್ನು ಅದರಲ್ಲಿ ಎತ್ತಬೇಡಿ. ಇದ್ದಷ್ಟು ಹೊತ್ತು ಮಾಡಿದ್ದನ್ನು ಬರೆಯಿರಿ. ಆರೋಗ್ಯ ವಿಚಾರಿಸಬೇಕೆನಿಸಿದರೆ ಫೋನ್ ಮಾಡಿ.

ಎಲ್ಲರ ಗಂಟೆಗಳ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದು ಬೇಡ. ಒಳ್ಳೆಯ ಉದ್ದೇಶದಿಂದಲೇ ಹಾಕುತ್ತಾರೆ, ಆದರೆ ಹಾಕಿದ ಕೂಡಲೇ ಅದು ರ‍್ಯಾಂಕ್ ಪಟ್ಟಿಯಾಗುತ್ತದೆ. ಪುಟ್ಟ ಮಗುವನ್ನು ಬಿಟ್ಟು ನಾಲ್ಕು ಗಂಟೆ ಬಂದವರು ಕೆಳಗಿನ ಸಾಲಿನಲ್ಲಿ ತಮ್ಮ ಹೆಸರು ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಗುಂಪಿಗೆ ಒಟ್ಟು ಮೊತ್ತ ಹೇಳಿ: "36 ಜನ ಸೇರಿ ಇಷ್ಟು ಗಂಟೆ ಕೆಲಸ ಮಾಡಿದ್ದೇವೆ." ಒಬ್ಬೊಬ್ಬರದ್ದು ಅವರವರ ಪತ್ರದಲ್ಲಿರಲಿ.

ಕಳಿಸುವುದು

ಎರಡು ಕಂತಿನಲ್ಲಿ ಕಳಿಸಿ. ಗುಂಪಿಗೆ ಚಿಕ್ಕ ಸಂದೇಶ ಮರುದಿನವೇ ಹೋಗಲಿ, ಅದರಲ್ಲಿ "ನಿಮಗೆ ಬೇರೆಯಾಗಿ ಬರೆಯುತ್ತೇವೆ" ಅನ್ನುವ ಮಾತೂ ಇರಲಿ. ವೈಯಕ್ತಿಕ ಪತ್ರ ಒಂದು ವಾರದೊಳಗೆ ಎಲ್ಲರಿಗೂ ಒಂದೇ ದಿನ ಹೋಗಬೇಕು. ಬರೆದ ಹಾಗೆಲ್ಲ ಕಳಿಸುತ್ತ ಹೋದರೆ, ಒಬ್ಬರಿಗೆ ಸೋಮವಾರ ಬಂದದ್ದು ಇನ್ನೊಬ್ಬರಿಗೆ ಗುರುವಾರವಾದರೂ ಬಂದಿರುವುದಿಲ್ಲ. ಅಷ್ಟರಲ್ಲಿ ಅವರು ತಮ್ಮನ್ನು ಮರೆತರು ಅಂತ ತೀರ್ಮಾನಿಸಿರುತ್ತಾರೆ.

ಶೀಟಿನಿಂದ ನೇರವಾಗಿ ಇಮೇಲ್ ಕಳಿಸುವ ವ್ಯವಸ್ಥೆ ಬಳಸುವವರು ಮೊದಲು ಎಲ್ಲ ಪತ್ರಗಳನ್ನೂ ತಮಗೇ ಕಳಿಸಿಕೊಂಡು ನೋಡಬೇಕು. ಸಾಮಾನ್ಯವಾಗಿ ಆಗುವ ಅನಾಹುತ ಒಂದೇ: ಯಾರೋ ಹೆಸರಿನ ಕಾಲಮ್ಮನ್ನು ಮಾತ್ರ ಅಕ್ಷರಕ್ರಮಕ್ಕೆ ಜೋಡಿಸಿರುತ್ತಾರೆ, ಉಳಿದ ಕಾಲಮ್ಮುಗಳು ಹಾಗೇ ಇರುತ್ತವೆ. ಆಗ ಎಲ್ಲರಿಗೂ ಬೇರೆಯವರ ಗಂಟೆ, ಬೇರೆಯವರ ಕಥೆ ಹೋಗುತ್ತದೆ. ಪಟ್ಟಿಯ ಮೊದಲು, ಮಧ್ಯ ಮತ್ತು ಕೊನೆಯಿಂದ ಒಂದೊಂದು ಪತ್ರ ತೆಗೆದು ಹಾಜರಿ ಹಾಳೆಯ ಜೊತೆ ತಾಳೆ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಎಲ್ಲರಿಗೂ ಒಂದೇ ಇಮೇಲ್ ಕಳಿಸುವಾಗ ವಿಳಾಸಗಳನ್ನು `Bcc`ನಲ್ಲಿ ಹಾಕಿ. ಸ್ವಯಂಸೇವಕರ ವಿಳಾಸವನ್ನು ಅವರನ್ನು ಕೇಳದೆ ಉಳಿದವರಿಗೆಲ್ಲ ಹಂಚುವ ಹಕ್ಕು ನಮಗಿಲ್ಲ.

ಚಿಕ್ಕ ವಯಸ್ಸಿನವರಿದ್ದರೆ ಪತ್ರವನ್ನು ಪೋಷಕರ ಮೂಲಕ ಕಳಿಸಿ. ಯಾವುದಾದರೂ ಸಂಸ್ಥೆಯಿಂದ ಗುಂಪಾಗಿ ಬಂದಿದ್ದರೆ ಸಂಸ್ಥೆಗೆ ಒಂದು ಪತ್ರ ಬರೆದು ಕೈಬಿಡಬೇಡಿ, ಬಂದ ಒಬ್ಬೊಬ್ಬರಿಗೂ ಬರೆಯಿರಿ.

ಪ್ರಮಾಣಪತ್ರ ಬೇರೆ

ಕಾಲೇಜಿಗೋ ಕೆಲಸಕ್ಕೋ ಗಂಟೆಯ ದಾಖಲೆ ಬೇಕು ಅಂತ ಕೆಲವರು ಕೇಳುತ್ತಾರೆ. ಧನ್ಯವಾದ ಪತ್ರವನ್ನೇ ಅದಕ್ಕೆ ಬಳಸಲು ಹೋಗಬೇಡಿ. ದಾಖಲೆಯಲ್ಲಿ ದಿನಾಂಕ, ಕೆಲಸದ ಹೆಸರು, ಒಟ್ಟು ಗಂಟೆ, ವಿರಾಮ ಕಳೆದಿದೆಯೋ ಇಲ್ಲವೋ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇರಬೇಕು. ಪ್ರಿಂಟರಿನ ಕಥೆ ಅಲ್ಲಿಗೆ ಬೇಡ. "ಇಪ್ಪತ್ತು ಗಂಟೆ ಬೇಕಿತ್ತು, ಹತ್ತೊಂಬತ್ತೂ ಕಾಲು ಇದೆ, ಸ್ವಲ್ಪ ಸೇರಿಸಿ ಬರೆದುಕೊಡಿ" ಅಂತ ಕೇಳಿದರೆ ಪ್ರೀತಿಯಿಂದಲೇ ಆಗುವುದಿಲ್ಲ ಅನ್ನಬೇಕು. ಬಾಕಿ ಇರುವ ಮುಕ್ಕಾಲು ಗಂಟೆಗೆ ನಿಜವಾದ ಕೆಲಸ ಕೊಡಿ. ಹಾಜರಿ ಹಾಳೆಗಳನ್ನು ಶೀಟಿಗೆ ಏರಿಸುವ ಕೆಲಸ ಹೇಗೂ ಇದ್ದೇ ಇರುತ್ತದೆ. ಪತ್ರದಲ್ಲಿರುವ ಗಂಟೆಯೂ ಪ್ರಮಾಣಪತ್ರದಲ್ಲಿರುವ ಗಂಟೆಯೂ ಒಂದೇ ಇರಬೇಕು, ಎರಡೂ ಒಂದೇ ಶೀಟಿನಿಂದ ಬರಬೇಕು.

ಉತ್ತರಗಳು ಬಂದಾಗ

ಪತ್ರ ಹೋದ ದಿನ ಸಂಜೆಯಿಂದಲೇ ಉತ್ತರ ಬರುತ್ತವೆ. ಹೆಚ್ಚಿನವು ಒಂದೆರಡು ಸಾಲು. ಅವುಗಳ ಮಧ್ಯೆ ತಿದ್ದುಪಡಿಗಳೂ ಇರುತ್ತವೆ: "ನಾನು ಎರಡನೇ ದಿನ ಎಂಟಕ್ಕೇ ಬಂದಿದ್ದೆ, ಸಹಿ ಮಾಡೋದು ಮರೆತೆ." ಇದಕ್ಕೆ ವಾದ ಬೇಡ. ಮುಖ್ಯಸ್ಥರನ್ನು ಒಮ್ಮೆ ಕೇಳಿ, ಶೀಟಿನಲ್ಲಿ ತಿದ್ದಿ, ತಿದ್ದಿದ ಮೊತ್ತವನ್ನು ಅದೇ ದಿನ ಬರೆದು ಕಳಿಸಿ. ಅವರ ಪ್ರಮಾಣಪತ್ರ ಆಗಲೇ ಹೋಗಿದ್ದರೆ ಹೊಸದು ಕೊಡಿ. ನಮ್ಮ ಹುಡುಗಿಯ ಉತ್ತರದಲ್ಲೂ ಒಂದು ತಿದ್ದುಪಡಿ ಇತ್ತು, ಆದರೆ ತನ್ನ ಬಗ್ಗೆ ಅಲ್ಲ: "ಪಕ್ಕದಲ್ಲಿದ್ದವನು ಅವತ್ತು ಊಟಕ್ಕೂ ಎದ್ದು ಹೋಗಿರಲಿಲ್ಲ, ಮೇಜಿನಲ್ಲೇ ಕೂತು ತಿಂದ. ಅವನ ಲೆಕ್ಕದಲ್ಲಿ ವಿರಾಮ ಕಳೆದಿದ್ದೀರಾ?" ಕಳೆದಿದ್ದೆವು. ಮುಖ್ಯಸ್ಥರನ್ನು ಕೇಳಿದೆವು, ಅವಳು ಹೇಳಿದ್ದು ಸರಿಯಿತ್ತು. ಅವನ ಸಾಲಿಗೆ ಮುಕ್ಕಾಲು ಗಂಟೆ ವಾಪಸ್ ಸೇರಿಸಿ, ಅವನಿಗೆ ಇನ್ನೊಂದು ಪತ್ರ ಬರೆದೆವು.